ಕೆಲಸ ಸಮರ್ಪಕವಾಗಿತ್ತು

ತುಕ್ಕು ಸಂಶೋಧನಾ ವಿಭಾಗದಲ್ಲಿ ಆ ವರ್ಷ ಪಿಎಚ್.ಡಿ.ಗೆ ಇದ್ದದ್ದು ನಾಲ್ಕು ಸೀಟು, ಬಂದದ್ದು ಎಂಬತ್ತೇಳು ಅರ್ಜಿ. ಮೂರು ಸೀಟುಗಳ ವಿಚಾರ ಬೆಳಗ್ಗೆಯೇ ಮುಗಿದಿತ್ತು. ನಾಲ್ಕನೆಯದಕ್ಕೆ ಇಬ್ಬರು ಉಳಿದಿದ್ದರು, ಒಬ್ಬ ಹುಡುಗ, ಒಬ್ಬಳು ಹುಡುಗಿ. ಇಬ್ಬರ ಅಂಕಗಳೂ ಹೆಚ್ಚುಕಡಿಮೆ ಒಂದೇ. ಇನ್ನು ಶಿಫಾರಸು ಪತ್ರಗಳೇ ಗತಿ ಎಂದು ಎಲ್ಲರೂ ಕುರ್ಚಿ ಎಳೆದುಕೊಂಡು ಹತ್ತಿರ ಕೂತರು.

ಶಿಫಾರಸು ಪತ್ರ ಓದುವುದರಲ್ಲಿ ಆ ವಿಭಾಗದ ಹಿರಿಯ ಪ್ರಾಧ್ಯಾಪಕರಿಗೆ ಸಮನಾದವರು ಇರಲಿಲ್ಲ. ಅವರನ್ನು ಎಲ್ಲರೂ ಭಾಷ್ಯಕಾರರು ಎಂದೇ ಕರೆಯುತ್ತಿದ್ದರು, ಅವರೆದುರಿಗೂ. ಅವರಿಗೆ ಅದು ಬಿರುದು. ಇಪ್ಪತ್ತನಾಲ್ಕು ವರ್ಷದಿಂದ ಪ್ರವೇಶ ಸಮಿತಿಯಲ್ಲಿದ್ದ ಅವರ ಪ್ರಕಾರ, ಪತ್ರದಲ್ಲಿ ಬರೆದದ್ದು ಹೊಟ್ಟು, ಬರೆಯದೆ ಬಿಟ್ಟದ್ದು ಕಾಳು.

ಆ ವರ್ಷ ಸಮಿತಿಗೆ ಹೊಸದಾಗಿ ಸೇರಿದ್ದ ಯುವ ಉಪನ್ಯಾಸಕನಿಗೆ ಅವರು ಬೆಳಗ್ಗಿನಿಂದ ಪಾಠ ಹೇಳುತ್ತಿದ್ದರು.

"ನೋಡಪ್ಪಾ, 'ಸಮಯಕ್ಕೆ ಸರಿಯಾಗಿ ಬರುತ್ತಾರೆ' ಅಂತ ಬರೆದಿದ್ದಾರೆ. ಅಂದ್ರೇನು?"

"ಸಮಯಕ್ಕೆ ಸರಿಯಾಗಿ ಬರ್ತಾರೆ ಅಂತ ಸರ್."

"ಬಂದು ಏನೂ ಮಾಡಲ್ಲ ಅಂತ! ಸಂಶೋಧನೆ ಮಾಡೋರಿಗೆ ಹೇಳೋ ಮಾತಾ ಅದು? ಬೇರೆ ಏನಾದ್ರೂ ಇದ್ದಿದ್ರೆ ಅದನ್ನ ಬರೀತಿದ್ರು. ಇದು ನೋಡು, 'ಕೊಟ್ಟ ಕೆಲಸವನ್ನೆಲ್ಲ ಮುಗಿಸಿದ್ದಾರೆ'."

"ಕೊಡದೆ ಇದ್ದದ್ದನ್ನ ಮಾಡಿಲ್ಲ ಅಂತಲಾ ಸರ್?"

"ಭೇಷ್! ಸ್ವಂತ ಯೋಚನೆ ಇಲ್ಲ. 'ಸೂಕ್ತ ಮಾರ್ಗದರ್ಶನ ದೊರೆತರೆ ಮುಂದೆ ಬರುತ್ತಾರೆ' ಅಂದ್ರೆ ಕೈ ಹಿಡಿದು ನಡೆಸ್ಬೇಕು. 'ಸ್ವತಂತ್ರ ಮನೋಭಾವ' ಅಂದ್ರೆ ಹೇಳಿದ ಮಾತು ಕೇಳಲ್ಲ. 'ಎಲ್ಲರೊಂದಿಗೆ ಸ್ನೇಹದಿಂದ ಇರುತ್ತಾರೆ' ಅಂದ್ರೆ ಇಡೀ ದಿನ ಕ್ಯಾಂಟೀನಿನಲ್ಲಿ."

ಉಪನ್ಯಾಸಕ ಎಲ್ಲವನ್ನೂ ಬರೆದುಕೊಂಡ. ಬರೆದುಕೊಳ್ಳುವಾಗ ತನಗೆ ಈ ಕೆಲಸ ಕೊಡಿಸಿದ ಪತ್ರದಲ್ಲಿ 'ಸ್ನೇಹಮಯಿ' ಎಂದಿದ್ದದ್ದು ನೆನಪಾಗಿ ಸ್ವಲ್ಪ ಬೆವರಿದ.

ಹುಡುಗನ ಮೂರು ಪತ್ರಗಳಲ್ಲಿ ಮುಖ್ಯವಾದದ್ದು ಮೊದಲು ಬಂತು. ಎರಡು ಪುಟ. ಪ್ರತಿಭೆ, ಪರಿಶ್ರಮ, ತಾನು ಕಂಡ ವಿದ್ಯಾರ್ಥಿಗಳಲ್ಲಿ ಮೊದಲ ಐವರಲ್ಲಿ ಒಬ್ಬ, ಯಾವ ಸಂಕೋಚವೂ ಇಲ್ಲದೆ ಶಿಫಾರಸು ಮಾಡುತ್ತೇನೆ, ಎಲ್ಲವೂ ಇತ್ತು. ಭಾಷ್ಯಕಾರರು ತಲೆದೂಗಿದರು. ಮೊದಲ ಐವರಲ್ಲಿ ಒಬ್ಬ ಎಂದು ಲೆಕ್ಕ ಕೊಟ್ಟಿರುವುದು ಒಳ್ಳೆಯ ಲಕ್ಷಣ, ಯಾರೊಂದಿಗೂ ಹೋಲಿಸದೆ ಬರೀ ಹೊಗಳಿದ್ದರೆ ಅನುಮಾನಿಸಬೇಕಿತ್ತು ಎಂದರು.

ಆಮೇಲೆ ಹುಡುಗಿಯ ಕಡತ. ಅವಳಿಗೂ ಮೂರು ಪತ್ರ. ಎರಡು ಚೆನ್ನಾಗಿಯೇ ಇದ್ದವು, ಆದರೆ ಅವನ್ನು ಬರೆದವರು ತರಗತಿಯಲ್ಲಿ ಪಾಠ ಹೇಳಿದವರು. ಅವಳು ಎರಡು ವರ್ಷ ಪ್ರಯೋಗಾಲಯದಲ್ಲಿ ದುಡಿದದ್ದನ್ನು ಕಣ್ಣಾರೆ ಕಂಡವರು ಒಬ್ಬರೇ, ಬೇರೆ ಊರಿನ ಅಳತೆ ಪ್ರಯೋಗಾಲಯದ ಹಳೆಯ ಮೇಷ್ಟ್ರು. ತೂಕ, ಅಳತೆಗಳ ನಿಖರತೆಯ ಮೇಲೆ ನಲವತ್ತು ವರ್ಷ ಕೂತವರು. ಸಮಿತಿಗೆ ಬೇಕಿದ್ದದ್ದು ಅವರ ಮಾತೇ.

ಆ ಹೆಸರು ಕೇಳುತ್ತಲೇ ಸಮಿತಿಯ ಮೂರನೆಯವರಾದ ವಿಭಾಗದ ಮುಖ್ಯಸ್ಥೆ ಎದ್ದು ನಿಂತರು.

"ಅವರು ನನ್ನ ಗುರುಗಳು. ನಾನಿಲ್ಲಿ ಕೂರೋ ಹಾಗಿಲ್ಲ. ನೀವಿಬ್ಬರೂ ತೀರ್ಮಾನ ಮಾಡಿ."

ನಿಯಮ ಹಾಗೆಯೇ ಇತ್ತು. ಅವರು ಪತ್ರ ನೋಡದೆ ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಬಾಗಿಲ ಗಾಜಿನಾಚೆ ಅವರ ನೆರಳು ಅತ್ತಿಂದಿತ್ತ ಓಡಾಡತೊಡಗಿತು.

ಭಾಷ್ಯಕಾರರು ಪತ್ರ ಬಿಡಿಸಿದರು. ಹಿಂದೆ ತಿರುಗಿಸಿ ನೋಡಿದರು. ಹಿಂಬದಿ ಖಾಲಿ. ಮತ್ತೆ ಮುಂದೆ ತಿರುಗಿಸಿದರು. ಮೂರೇ ಸಾಲು.

*ಇವರು ನನ್ನ ಪ್ರಯೋಗಾಲಯದಲ್ಲಿ ಎರಡು ವರ್ಷ ಇದ್ದರು. ಕೆಲಸ ಸಮರ್ಪಕವಾಗಿತ್ತು. ಹೆಚ್ಚಿನ ವಿವರ ಬೇಕಿದ್ದರೆ ಫೋನ್ ಮಾಡಬಹುದು.*

"ಅಯ್ಯೋ ಪಾಪ," ಎಂದರು ಭಾಷ್ಯಕಾರರು.

"ಏನು ಸರ್?"

"ಮುಗೀತು ಕಥೆ. ಕೊಂದುಬಿಟ್ಟಿದ್ದಾರೆ. ಮೂರು ಸಾಲು! ಮನೆ ಖಾಲಿ ಇದೆ ಅಂತ ಬೋರ್ಡು ಹಾಕೋರೂ ಇದಕ್ಕಿಂತ ಹೆಚ್ಚು ಬರೀತಾರೆ. 'ಇದ್ದರು' ಅಂದಿದ್ದಾರೆ, ನೋಡು. ಕೆಲಸ ಮಾಡಿದರು ಅಂತ ಅಲ್ಲ. ಕಪಾಟೂ ಇರುತ್ತೆ. ಆಮೇಲೆ 'ಸಮರ್ಪಕ'. ನಲ್ಲಿ ನೀರಿಗೆ ಹೇಳೋ ಮಾತಲ್ವೇನೋ ಅದು?"

"ಆದ್ರೆ ಸರ್, ಶಿಫಾರಸು ಮಾಡ್ತೀನಿ ಅಂತಾನೇ ಎಲ್ಲೂ ಇಲ್ವಲ್ಲ."

"ಅದನ್ನೇ ನಾನು ಆಮೇಲೆ ಹೇಳೋಣ ಅಂತಿದ್ದೆ. ಕೊನೇ ಸಾಲು ನೋಡು. 'ಫೋನ್ ಮಾಡಬಹುದು.' ಕಾಗದದ ಮೇಲೆ ಬರೆಯೋಕಾಗದ್ದು ಇನ್ನೂ ಏನೋ ಇದೆ ಅಂತ."

ಇಬ್ಬರೂ ಫೋನನ್ನು ನೋಡಿದರು. ಹುಡುಗಿಯ ಭವಿಷ್ಯದ ಪ್ರಶ್ನೆ, ಒಂದು ಮಾತು ಕೇಳಿಬಿಡೋಣ ಎಂದು ಉಪನ್ಯಾಸಕ ಒತ್ತಾಯ ಮಾಡಿದ. ಭಾಷ್ಯಕಾರರು ಸ್ಪೀಕರ್ ಹಾಕಿ ನಂಬರ್ ಒತ್ತಿದರು.

"ಹಲೋ."

"ನಮಸ್ಕಾರ ಸರ್, ತುಕ್ಕು ಸಂಶೋಧನಾ ವಿಭಾಗದಿಂದ. ನೀವು ನಿಮ್ಮ ವಿದ್ಯಾರ್ಥಿನಿಗೆ ಒಂದು ಪತ್ರ ಬರೆದಿದ್ರಿ."

"ಹೌದು."

"ಅದರಲ್ಲಿ, ಕೆಲಸ ಸಮರ್ಪಕವಾಗಿತ್ತು ಅಂತ ಇದೆ."

"ಹೌದು. ಸಮರ್ಪಕವಾಗಿತ್ತು."

"ಅಂದ್ರೆ ಸರ್?"

"ಅಂದ್ರೆ, ಅಸಮರ್ಪಕವಾಗಿರಲಿಲ್ಲ."

ಭಾಷ್ಯಕಾರರು ಉಪನ್ಯಾಸಕನಿಗೆ ಕಣ್ಣು ಹೊಡೆದರು. "ಚೆನ್ನಾಗಿತ್ತು ಅನ್ನಬಹುದಾ ಸರ್?"

"ಅನ್ನಬಹುದು. ಆದ್ರೆ ಚೆನ್ನ ಅನ್ನೋದಕ್ಕೆ ಅಳತೆ ಇಲ್ವಲ್ಲ."

"ಬೇರೆ ವಿದ್ಯಾರ್ಥಿಗಳಿಗೆ ಹೋಲಿಸಿದ್ರೆ?"

"ಬೇರೆಯವರು ಬೇರೆ ಕೆಲಸ ಮಾಡ್ತಿದ್ರು. ಹೇಗೆ ಹೋಲಿಸೋದು?"

"ಅವರು ನಿಮ್ಮಲ್ಲಿಂದ ಹೋಗ್ತಾರೆ ಅಂದ್ರೆ ನಿಮಗೆ ಬೇಜಾರಿಲ್ವಾ?"

ಆ ಕಡೆ ಮೌನ. "ಇದೆ," ಎಂದರು ಮೇಷ್ಟ್ರು. ಆಮೇಲೆ, "ಇನ್ನೇನಾದ್ರೂ ವಿವರ ಬೇಕಿತ್ತಾ?"

ಫೋನ್ ಇಟ್ಟ ಮೇಲೆ ಭಾಷ್ಯಕಾರರು ಕೈ ಉಜ್ಜಿಕೊಂಡರು. "ಕೇಳಿಸ್ಕೊಂಡ್ಯಾ? 'ಇದೆ' ಅನ್ನೋಕೆ ನಾಲ್ಕು ಸೆಕೆಂಡು ತಗೊಂಡ್ರು. ನಾಲ್ಕು! ಬೇಜಾರು ನಿಜವಾಗ್ಲೂ ಇದ್ರೆ ತಕ್ಷಣ ಬರುತ್ತೆ. ಮರ್ಯಾದೆಗೆ ಹೇಳಿದ್ದು ತಡವಾಗಿ ಬರುತ್ತೆ."

"ದುಃಖ ಉಕ್ಕಿ ಬಂದು ಮಾತು ಹೊರಡಲಿಲ್ವೇನೋ ಸರ್."

"ಅಳತೆ ಮೇಷ್ಟ್ರಿಗಾ?"

ಉಪನ್ಯಾಸಕ ಜಗ್ಗಲಿಲ್ಲ. ಅವಳ ಪ್ರಾಜೆಕ್ಟ್ ವರದಿ ಓದಿದ್ದೇನೆ, ಅದು ಬಹಳ ಗಟ್ಟಿಯಾಗಿದೆ ಎಂದ. 'ಸಮರ್ಪಕ' ಪದದ ಮೇಲೆ ಒಂದೂವರೆ ಗಂಟೆ ವಾದ ನಡೆಯಿತು. ನಿಘಂಟು ತರಿಸಿದರು. ನಿಘಂಟಿನಲ್ಲಿ 'ಸರಿಯಾದ, ತಕ್ಕ' ಎಂದಿತ್ತು. ನಿಘಂಟು ಬರೆದವರು ಪ್ರವೇಶ ಸಮಿತಿಯಲ್ಲಿ ಕೂತವರಲ್ಲ ಎಂದು ಭಾಷ್ಯಕಾರರು ಅದನ್ನು ಮುಚ್ಚಿದರು. ಬಾಗಿಲಾಚೆಯ ನೆರಳು ಒಮ್ಮೆ ನಿಂತು, ಬಾಗಿಲು ತಟ್ಟಲು ಕೈ ಎತ್ತಿ, ತಟ್ಟದೆ ಇಳಿಸಿತು. ಕೊನೆಗೆ ನಾಳೆ ನೋಡೋಣ ಎಂದು ಎದ್ದರು.

ಭಾಷ್ಯಕಾರರ ಹೆಂಡತಿ ಪ್ರಾಥಮಿಕ ಶಾಲೆಯ ಟೀಚರ್. ಸಂಜೆ ಅವರು ಮನೆಗೆ ಬಂದಾಗ ಆಕೆ ಊಟದ ಮೇಜಿನ ತುಂಬ ಮಕ್ಕಳ ಪ್ರಗತಿ ಪತ್ರ ಹರಡಿಕೊಂಡು ಕೂತಿದ್ದರು. ಮೂವತ್ತೆಂಟು ಮಕ್ಕಳು, ಮೂವತ್ತೆಂಟು ಷರಾ.

"ಈ ಶರ್ಟು ಹೇಗಿದೆ ನನಗೆ? ಬೆಳಗ್ಗೆ ಕೇಳಿದ್ರೆ ಪರವಾಗಿಲ್ಲ ಅಂದೆ."

"ಪರವಾಗಿಲ್ಲ ಅಂದ್ರೆ ಪರವಾಗಿಲ್ಲ. ಇಡೀ ದಿನ ಅದನ್ನೇ ಯೋಚನೆ ಮಾಡಿದ್ರಾ?"

ಮಾಡಿದ್ದರು. ಆದರೆ ಒಪ್ಪಿಕೊಳ್ಳದೆ ಮೂರು ಸಾಲಿನ ಪತ್ರದ ಕಥೆ ಹೇಳಿದರು, ಹುಡುಗಿಯ ಹೆಸರು ಮಾತ್ರ ಬಿಟ್ಟು. ಆಕೆ ಬರೆಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು.

"ಅವರು ಯಾವಾಗ್ಲೂ ಹಾಗೇ ಬರೀತಾರಾ?"

"ನಂಗೇನು ಗೊತ್ತು?"

"ಗೊತ್ತಿಲ್ದೆ ಹೇಗೆ ಅರ್ಥ ಹೇಳಿದ್ರಿ? ನೋಡಿ, ನಾನು 'ಚುರುಕು' ಅಂತ ಬರೆದ್ರೆ ಆ ಹುಡುಗ ಬೆಂಚಿನ ಮೇಲೆ ಹತ್ತಿ ಕುಣೀತಾನೆ ಅಂತ ಅರ್ಥ. ಪಕ್ಕದ ತರಗತಿ ಟೀಚರ್ 'ಚುರುಕು' ಅಂತ ಬರೆದ್ರೆ ಅವನು ನಿಜವಾಗ್ಲೂ ಚುರುಕು. ನಮ್ಮ ಹೆಡ್ ಮಿಸ್ ಪದ ನೋಡಲ್ಲ, ಯಾರ ಕೈಬರಹ ಅಂತ ನೋಡ್ತಾರೆ. ನಿಮ್ಮ ಆ ಮೇಷ್ಟ್ರ ಹಳೇ ಪತ್ರ ಯಾವುದಾದ್ರೂ ಇದ್ರೆ ತೆಗೆದು ಓದಿ. ಈಗ ಆ ಕಡೆ ಸ್ವಲ್ಪ ಸರೀರಿ, ಕೈ ತಾಗಿ ಕಾರ್ಡು ಬೀಳುತ್ತೆ."

ಭಾಷ್ಯಕಾರರು ಸರಿದರು. ಇಪ್ಪತ್ತನಾಲ್ಕು ವರ್ಷದಲ್ಲಿ ತನಗೆ ಇದು ಹೊಳೆಯಲಿಲ್ಲವಲ್ಲ ಎಂಬ ಕಸಿವಿಸಿಗೆ ಆ ರಾತ್ರಿ ಅವರಿಗೆ ಊಟ ರುಚಿಸಲಿಲ್ಲ.

ಮರುದಿನ ಬೆಳಗ್ಗೆ ಅವರು ನೇರ ಕಚೇರಿಗೆ ಹೋದರು. ಹಳೆಯ ಕಡತಗಳೆಲ್ಲ ಕಚೇರಿಯ ಅಧೀಕ್ಷಕಿಯ ವಶದಲ್ಲಿದ್ದವು. ಆಕೆ ವಯಸ್ಸಿನಲ್ಲಿ ಹೆಚ್ಚಿನವರಿಗಿಂತ ಚಿಕ್ಕವರಾದರೂ ಎಲ್ಲರಿಗೂ ಅಕ್ಕ.

"ಅಕ್ಕಾ, ಅಳತೆ ಮೇಷ್ಟ್ರು ನಮಗೆ ಹಿಂದೆ ಯಾರಿಗಾದ್ರೂ ಪತ್ರ ಬರೆದಿದ್ದಾರಾ?"

ಅಕ್ಕ ಪೆಟ್ಟಿಗೆಗಳ ನಡುವೆ ಮಾಯವಾಗಿ, ಮುಕ್ಕಾಲು ಗಂಟೆಯ ನಂತರ ಸೀನುತ್ತ ಬಂದು ಮೂರು ಕಡತ ಮೇಜಿನ ಮೇಲಿಟ್ಟರು.

"ಮೂರು ಸಲ ಬರೆದಿದ್ದಾರೆ. ಸರ್, ಮೂರನೇದು ನೋಡೋಕೆ ಮುಂಚೆ ಸ್ವಲ್ಪ ಕೂತ್ಕೊಳ್ಳಿ."

ಭಾಷ್ಯಕಾರರು ಕೂರಲಿಲ್ಲ. ಉಪನ್ಯಾಸಕನನ್ನು ಕರೆಸಿ ಮೊದಲ ಕಡತ ಬಿಚ್ಚಿದರು. ಒಂಬತ್ತು ವರ್ಷ ಹಿಂದಿನದು. *ಕೆಲಸ ಬಹುತೇಕ ಸಮರ್ಪಕ.* ಅಷ್ಟೇ. ಆ ವಿದ್ಯಾರ್ಥಿಯನ್ನು ಇಬ್ಬರೂ ಬಲ್ಲರು. ನಾಲ್ಕೇ ವರ್ಷದಲ್ಲಿ ಪ್ರಬಂಧ ಮುಗಿಸಿ, ಈಗ ದೊಡ್ಡ ಸೇತುವೆಗಳ ತಪಾಸಣೆಯ ಪ್ರಯೋಗಾಲಯ ನಡೆಸುತ್ತಿದ್ದಾನೆ.

"ಇವನನ್ನ ಹೇಗೆ ತಗೊಂಡ್ವಿ?" ಭಾಷ್ಯಕಾರರಿಗೆ ಅಚ್ಚರಿ.

"ಆ ವರ್ಷ ನೀವು ರಜೆಯಲ್ಲಿದ್ರಿ ಸರ್," ಎಂದರು ಅಕ್ಕ.

ಎರಡನೆಯದು ಹದಿನೈದು ವರ್ಷ ಹಿಂದಿನದು. ಅದು ಇಡೀ ಅರ್ಧ ಪುಟ. *ಅಸಾಧಾರಣ ವ್ಯಕ್ತಿ. ಉತ್ಸಾಹಕ್ಕೆ ಮಿತಿಯಿಲ್ಲ. ಇಂಥವರು ನನ್ನ ಪ್ರಯೋಗಾಲಯಕ್ಕೆ ಹಿಂದೆ ಬಂದಿರಲಿಲ್ಲ.* ಅಂಚಿನಲ್ಲಿ ಭಾಷ್ಯಕಾರರದೇ ಕೈಬರಹ: 'ತಕ್ಷಣ ತೆಗೆದುಕೊಳ್ಳಿ!' ಆ ಮಹಾನುಭಾವ ಏಳು ವರ್ಷ ಇದ್ದು, ಎರಡು ಸಲ ಆಮ್ಲದ ಕಪಾಟಿಗೆ ಬೆಂಕಿ ಹಚ್ಚಿ, ಒಂದು ಅಧ್ಯಾಯವನ್ನೂ ಬರೆಯದೆ, ಉಗ್ರಾಣದ ಬೀಗದಕೈ ಸಮೇತ ಹೊರಟುಹೋಗಿದ್ದ.

ಉಪನ್ಯಾಸಕ ಎದ್ದು ಬೋರ್ಡಿನ ಮೇಲೆ ಗೆರೆ ಎಳೆದ. ಕೆಳಗೆ 'ಅಸಾಧಾರಣ', ಮೇಲೆ 'ಬಹುತೇಕ ಸಮರ್ಪಕ'. "ಸರ್, ಈ ಹುಡುಗಿಗೆ 'ಬಹುತೇಕ' ಕೂಡ ಇಲ್ಲ. ಬರೀ ಸಮರ್ಪಕ. ಇವಳನ್ನ ಬರೆಯೋಕೆ ಬೋರ್ಡಿನಲ್ಲಿ ಜಾಗ ಇಲ್ಲ."

ಮೂರನೆಯದು ಇಪ್ಪತ್ತನಾಲ್ಕು ವರ್ಷ ಹಿಂದಿನದು. ಅರ್ಜಿಗೆ ಅಂಟಿಸಿದ್ದ ಫೋಟೋದಲ್ಲಿ ಎರಡು ಜಡೆಯ ಹುಡುಗಿ. ಆ ಗಲ್ಲ, ಆ ಹುಬ್ಬು. ವಿಭಾಗದ ಮುಖ್ಯಸ್ಥೆ. ಪತ್ರದಲ್ಲಿ ಎರಡು ಸಾಲು.

*ಇವರು ಒಂದೂವರೆ ವರ್ಷ ಇದ್ದರು. ಹುಡುಕಿದೆ, ತಪ್ಪು ಸಿಗಲಿಲ್ಲ.*

ಅದರ ಕೆಳಗೆ ಪೆನ್ಸಿಲಿನಲ್ಲಿ, ಈಗಲೂ ಮಾಸದ ಅಕ್ಷರಗಳಲ್ಲಿ: 'ತಪ್ಪು ಹುಡುಕಬೇಕಾಗಿ ಬಂತೆಂದರೆ ಗುರುವಿಗೇ ನಂಬಿಕೆಯಿಲ್ಲ. ಬೇಡ.' ಜೊತೆಗೆ ಭಾಷ್ಯಕಾರರ ಸಹಿ, ದಿನಾಂಕ. ಅವರು ಸಮಿತಿಗೆ ಸೇರಿದ ಮೊದಲ ವಾರ.

ಈಗ ಭಾಷ್ಯಕಾರರು ಕೂತರು.

ಆಯ್ಕೆಯಾಗಿದ್ದ ಇಬ್ಬರು ಬೇರೆಡೆಗೆ ಹೋದದ್ದರಿಂದ, ಕಾಯುವವರ ಪಟ್ಟಿಯಿಂದ ಆಕೆ ಒಳಗೆ ಬಂದರೆಂದು ಕಡತದ ಕೊನೆಯ ಹಾಳೆ ಹೇಳುತ್ತಿತ್ತು. ಆ ಇಬ್ಬರು ಮನಸ್ಸು ಬದಲಿಸದಿದ್ದರೆ ಈ ವಿಭಾಗಕ್ಕೆ ಆಕೆ ಬರುತ್ತಲೇ ಇರಲಿಲ್ಲ. ಭಾಷ್ಯಕಾರರ ಹದಿನಾಲ್ಕು ಲೇಖನಗಳಲ್ಲಿ ಹನ್ನೊಂದು ಆಕೆಯೊಡನೆ ಬರೆದವು. ಉಪನ್ಯಾಸಕ ಬೋರ್ಡಿನತ್ತ ತಿರುಗಿ ಅಲ್ಲಿಲ್ಲದ ಏನನ್ನೋ ಒರೆಸತೊಡಗಿದ.

"ಇದನ್ನ ಮೇಡಂಗೆ ತೋರಿಸೋ ಹಾಗಿಲ್ಲ ಸರ್," ಎಂದರು ಅಕ್ಕ ಮೆಲ್ಲಗೆ. "ಪತ್ರ ಗೋಪ್ಯ. ಅರ್ಜಿದಾರರು ನೋಡೋ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿರ್ತಾರೆ."

"ಪತ್ರ ಗೋಪ್ಯ. ನನ್ನ ಪೆನ್ಸಿಲ್ಲು ಗೋಪ್ಯ ಅಲ್ವಲ್ಲ," ಎಂದು ಅವರು ಎದ್ದರು.

ಮುಖ್ಯಸ್ಥೆ ತಮ್ಮ ಕೋಣೆಯಲ್ಲಿ ಪ್ರಯಾಣಭತ್ಯೆಯ ಬಿಲ್ಲುಗಳಿಗೆ ಸಹಿ ಹಾಕುತ್ತಿದ್ದರು. ಭಾಷ್ಯಕಾರರು ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಹೇಳಿಬಿಟ್ಟರು. "ಇಪ್ಪತ್ತನಾಲ್ಕು ವರ್ಷದ ಹಿಂದೆ ನಿಮ್ಮ ಅರ್ಜಿ ಮೇಲೆ ನಾನು 'ಬೇಡ' ಅಂತ ಬರೆದಿದ್ದೆ. ಈಗ ತಾನೇ ನೋಡ್ದೆ. ನೆನಪೇ ಇರಲಿಲ್ಲ. ಹೇಳದೆ ಇರೋಕೆ ಮನಸ್ಸಾಗಲಿಲ್ಲ."

ಮುಖ್ಯಸ್ಥೆ ಪೆನ್ನು ಕೆಳಗಿಟ್ಟರು. "ಯಾಕೆ ಬೇಡ ಅಂದ್ರಿ?"

"ಗುರುಗಳ ಪತ್ರ ಓದಿ ಹಾಗಂದೆ."

"ಏನು ಬರೆದಿದ್ರು ಸರ್ ನನ್ನ ಬಗ್ಗೆ?"

"ಅದು ಹೇಳೋ ಹಾಗಿಲ್ಲ."

"ಎಷ್ಟು ಸಾಲು ಅಂತಾದ್ರೂ ಹೇಳಿ."

ಸಾಲಿನ ಲೆಕ್ಕ ಗೋಪ್ಯವೋ ಅಲ್ಲವೋ ಎಂದು ಭಾಷ್ಯಕಾರರು ಯೋಚಿಸಿದರು. ನಿಯಮದಲ್ಲಿ ಆ ಬಗ್ಗೆ ಏನೂ ಇರಲಿಲ್ಲ. "ಎರಡು."

"ಎರಡಾ?" ಆಕೆ ಕುರ್ಚಿಯಿಂದ ಅರ್ಧ ಎದ್ದರು. ಮುಖ ಅರಳಿತು, ಆಮೇಲೆ ಕಣ್ಣು ತುಂಬಿತು. "ಎರಡು ಸಾಲು ಬರೆದ್ರಾ ನನಗೆ? ನಾನಿದ್ದಷ್ಟು ದಿನ ಅವರು ನನ್ನ ಹತ್ರ ಆಡಿದ್ದು ಒಟ್ಟು ಇಪ್ಪತ್ತು ಮಾತಿರಬಹುದು. ಹೊರಡೋ ದಿನ ಕೈಮುಗಿದ್ರೆ 'ಹೂಂ' ಅಂದ್ರು. ನಾನು ಒಂದು ಸಾಲು ಬರೆದಿರ್ತಾರೆ ಅಂದ್ಕೊಂಡಿದ್ದೆ."

ಭಾಷ್ಯಕಾರರಿಗೆ ಬೈಗುಳ ತಿನ್ನಲು ಸಿದ್ಧರಾಗಿ ಬಂದು ಸಿಹಿ ಹಂಚಿದಂತಾಯಿತು. ಈಗಿನ ಹುಡುಗಿಗೆ ಮೂರು ಸಾಲು ಬಂದಿರುವ ಸುದ್ದಿಯನ್ನು ಅವರು ಎತ್ತಲಿಲ್ಲ.

"ನನ್ನ ಮೇಲೆ ಸಿಟ್ಟಿಲ್ವಾ?" ಎಂದು ಕೇಳಿದರು.

"ಇದೆ," ಎಂದರು ಮುಖ್ಯಸ್ಥೆ ಕಣ್ಣೊರೆಸಿಕೊಳ್ಳುತ್ತ. "ನನ್ನ ಥರ ಇನ್ನೆಷ್ಟು ಜನಕ್ಕೆ ಬೇಡ ಅಂದಿದ್ದೀರೋ. ಅವರಿಗೆಲ್ಲ ಪಟ್ಟಿಯಲ್ಲಿ ಯಾರೂ ಜಾಗ ಬಿಟ್ಟಿರಲ್ಲ."

ಭಾಷ್ಯಕಾರರು ತಲೆ ತಗ್ಗಿಸಿ ಹೊರಬಂದರು.

ಆ ಮಧ್ಯಾಹ್ನವೇ ಸಮಿತಿ ಒಂದು ತೀರ್ಮಾನ ಮಾಡಿತು. ಇನ್ನು ಮುಂದೆ ಯಾವ ಪತ್ರ ಬಂದರೂ, ಅದೇ ಕೈ ಹಿಂದೆ ಬರೆದ ಪತ್ರಗಳಿದ್ದರೆ ಜೊತೆಗಿಟ್ಟು ಓದಬೇಕು, ಆ ವಿದ್ಯಾರ್ಥಿಗಳು ಆಮೇಲೆ ಏನಾದರು ಎಂಬುದೂ ಎದುರಿಗಿರಬೇಕು. ಮೊದಲ ಸಲ ಬರೆಯುವವರಿಗೆ ಅಕ್ಕ ಫೋನ್ ಮಾಡಿ, ವಿದ್ಯಾರ್ಥಿ ಏನು ಮಾಡಿದರು, ಒಂದು ಉದಾಹರಣೆ ಹೇಳಿ ಎಂದು ಕೇಳಬೇಕು. ಅಕ್ಕ ಇದನ್ನು ಕೇಳಿ ಸಂಬಳ ಹೆಚ್ಚು ಮಾಡುತ್ತೀರಾ ಎಂದರು. ಎಲ್ಲರೂ ಸಂದರ್ಶನದ ಪಟ್ಟಿ ಕೈಗೆತ್ತಿಕೊಂಡರು.

ಉಳಿದದ್ದು ಸಂದರ್ಶನ. ಹುಡುಗ ಮೊದಲು ಬಂದ, ಚೆನ್ನಾಗಿಯೇ ಮಾತಾಡಿದ. ಆದರೆ ತನ್ನ ಅಂಕಿಗಳಲ್ಲಿ ದೋಷ ಎಲ್ಲಿರಬಹುದು ಎಂದು ಕೇಳಿದಾಗ ದೋಷವೇ ಇಲ್ಲ ಎಂದ. ಹುಡುಗಿಗೆ ಅದೇ ಪ್ರಶ್ನೆ ಕೇಳಿದರು. ಅವಳು ಚೀಲದಿಂದ ಪ್ರಯೋಗದ ಟಿಪ್ಪಣಿ ಪುಸ್ತಕ ತೆಗೆದು ಹನ್ನೆರಡು ಕಡೆ ತೋರಿಸಿದಳು. ಮುಖ್ಯಸ್ಥೆ ನಿಯಮದಂತೆ ಹೊರಗೇ ಇದ್ದರು.

"ನಿಮ್ಮ ಗುರುಗಳು ಹೇಗಮ್ಮಾ?" ಎಂದು ಭಾಷ್ಯಕಾರರು ಕೊನೆಗೆ ತಡೆಯಲಾರದೆ ಕೇಳಿದರು.

ಅವಳು ನಾಲ್ಕು ಸೆಕೆಂಡು ಸುಮ್ಮನಿದ್ದಳು. ಭಾಷ್ಯಕಾರರು ಎಣಿಸಿದರು, ಆದರೆ ಅರ್ಥ ಹಚ್ಚಲಿಲ್ಲ. "ಮಾತು ಕಡಿಮೆ ಸರ್. ಕೊನೇ ದಿನ ಬೀರು ತೆಗೆದು, ಯಾರಿಗೂ ತೋರಿಸದ ತಮ್ಮ ತೂಕದ ಬಟ್ಟುಗಳ ಪೆಟ್ಟಿಗೆ ತೋರಿಸಿದ್ರು. ಮುಟ್ಟೋಕೆ ಬಿಡಲಿಲ್ಲ. ಆದ್ರೆ ತೋರಿಸಿದ್ರು."

ಸೀಟು ಅವಳಿಗೆ ಸಿಕ್ಕಿತು.

ಅವಳು ಸೇರಿದ ಎರಡನೆಯ ವಾರವೇ ತಕ್ಕಡಿಯ ವಿಷಯ ಎದ್ದಿತು. ಕಬ್ಬಿಣದ ತುಂಡು ತುಕ್ಕು ಹಿಡಿದು ಎಷ್ಟು ಸವೆಯಿತು ಎಂದು ತಿಳಿಯಲು, ಮೊದಲೊಮ್ಮೆ ಆಮೇಲೊಮ್ಮೆ ಅದನ್ನು ತೂಗುವುದು ಆ ವಿಭಾಗದ ನಿತ್ಯದ ಕೆಲಸ. ತೂಗುವ ಸೂಕ್ಷ್ಮ ತಕ್ಕಡಿ ಏಸಿಯ ಗಾಳಿ ಬೀಳುವ ಜಾಗದಲ್ಲಿತ್ತು. ಏಸಿ ಆರಿಸಿದ್ದರೆ ಒಂದು ತೂಕ, ಹಾಕಿದ್ದರೆ ಇನ್ನೊಂದು. ಅವಳು ಐದು ದಿನ ಒಂದೇ ತುಂಡನ್ನು ನೂರಾರು ಸಲ ತೂಗಿ, ಪಟ್ಟಿ ಮಾಡಿ, ಭಾಷ್ಯಕಾರರ ಮೇಜಿನ ಮೇಲಿಟ್ಟಳು. ಕಳೆದ ವರ್ಷ ಅವರು ಪ್ರಕಟಿಸಿದ ಲೇಖನದ ನಾಲ್ಕನೆಯ ಕೋಷ್ಟಕ ಪೂರ್ತಿ ಅದೇ ತಕ್ಕಡಿಯ ಕೂಸು.

"ಇದನ್ನ ಯಾರಿಗಾದ್ರೂ ಹೇಳಿದ್ದೀಯಾ?"

"ಇಲ್ಲ ಸರ್. ಮೊದಲು ನಿಮಗೇ."

ಭಾಷ್ಯಕಾರರು ಆ ಪಟ್ಟಿಯನ್ನು ಎರಡು ಸಲ ಓದಿದರು. ಅಂಕಿಗಳ ನಡುವೆ ಬಿಟ್ಟ ಜಾಗ ಬರೀ ಜಾಗವಾಗಿತ್ತು, ಅದರಲ್ಲಿ ಹುಡುಕಲು ಏನೂ ಇರಲಿಲ್ಲ. ಪತ್ರಿಕೆಯವರಿಗೆ ತಿದ್ದುಪಡಿ ಬರೆಯಲು ಕೂತರು. ಮೊದಲು 'ಕೆಲವು ಅನಿರೀಕ್ಷಿತ ಪರಿಸ್ಥಿತಿಗಳ ಹಿನ್ನೆಲೆಯಲ್ಲಿ' ಎಂದು ಶುರು ಮಾಡಿ, ಹೊಡೆದುಹಾಕಿ, 'ನಮ್ಮ ತೂಕ ತಪ್ಪಿತ್ತು' ಎಂದು ಬರೆದು ಕಳಿಸಿದರು.

ಆಮೇಲೆ ತಕ್ಕಡಿಯ ಕಲ್ಲಿನ ಮೇಜನ್ನು ಒಳಗಿನ ಕೋಣೆಗೆ ಸಾಗಿಸಬೇಕಾಯಿತು. ಅದು ಇಬ್ಬರಿಂದ ಅಲ್ಲಾಡಲಿಲ್ಲ. ಮುಖ್ಯಸ್ಥೆ ಒಂದು ಮೂಲೆ ಹಿಡಿದರು, ಉಪನ್ಯಾಸಕ ಇನ್ನೊಂದು, ಹುಡುಗಿ ಮತ್ತೊಂದು. ಭಾಷ್ಯಕಾರರು ಪಂಚೆ ಕಟ್ಟುವವರ ಹಾಗೆ ಪ್ಯಾಂಟನ್ನು ಮೇಲೆಳೆದುಕೊಂಡು ನಾಲ್ಕನೆಯ ಮೂಲೆಗೆ ಕೈಹಾಕಿದರು. ಅಕ್ಕ ಬಾಗಿಲು ಹಿಡಿದು ನಿಂತು ಎಡಕ್ಕೆ, ಬಲಕ್ಕೆ, ಮೆಲ್ಲಗೆ, ಸರ್ ನಿಮ್ಮ ಕಡೆ ಇಳೀತಿದೆ ಎಂದು ಕೂಗುತ್ತಿದ್ದರು.